ಒಂದು ಚೌಕದಲ್ಲಿ ಹಸುವಿನ ದಾಣಿ ಲೆಕ್ಕ

ಮನೆಯಲ್ಲೇ ದಾಣಿ ಕಲೆಸುವವರು ಹೆಚ್ಚಾಗಿ ಬುಟ್ಟಿ ಲೆಕ್ಕದಲ್ಲಿ ಅಳೆಯುತ್ತಾರೆ. ಬೂಸಾ ಹಗುರ, ಹಿಂಡಿ ಭಾರ. ಬುಟ್ಟಿ ಒಂದೇ ಆದರೂ ತೂಕ ಬೇರೆ. ಅದಕ್ಕೇ ಮೊದಲು ತಕ್ಕಡಿ ಇಟ್ಟುಕೊಳ್ಳಿ, ಆಮೇಲೆ ಒಂದು ಚೀಟಿ, ಪೆನ್ಸಿಲು. ಯಾವ ಪದಾರ್ಥ ಎಷ್ಟು ಪಾಲು ಎಂಬುದನ್ನು ಚೀಟಿಯ ಮೇಲೆ ಬರೆಯುವ ಒಂದು ಚೌಕ ತೋರಿಸುತ್ತದೆ.

ಹಾಲು ಕರೆಯುವ ಹಸುವಿನ ದಾಣಿಯಲ್ಲಿ ನೂರಕ್ಕೆ ಸುಮಾರು 20 ಪಾಲು ಪ್ರೋಟೀನ್ ಇರಲಿ ಎಂದು ಇಟ್ಟುಕೊಳ್ಳೋಣ. ಮೆಕ್ಕೆಜೋಳದಲ್ಲಿ ಸುಮಾರು 9, ಗೋಧಿ ಬೂಸಾದಲ್ಲಿ 15, ಒಳ್ಳೆಯ ಶೇಂಗಾ ಹಿಂಡಿಯಲ್ಲಿ 42 ಪಾಲು ಪ್ರೋಟೀನ್ ಇರುತ್ತದೆ. ಚೌಕಕ್ಕೆ ಎರಡೇ ಪದಾರ್ಥ ಹಿಡಿಸುತ್ತವೆ, ನಮ್ಮಲ್ಲಿರುವುದು ಮೂರು. ಹಾಗಾಗಿ ಜೋಳವನ್ನೂ ಬೂಸಾವನ್ನೂ ಸಮತೂಕದಲ್ಲಿ ಸೇರಿಸಿ ಒಂದೇ ಪದಾರ್ಥ ಎಂದು ಎಣಿಸಿ. 9 ಮತ್ತು 15ರ ಸರಾಸರಿ 12.

ನೂರು ಕಿಲೋ ದಾಣಿಗೆ 2 ಕಿಲೋ ಖನಿಜ ಮಿಶ್ರಣ, 1 ಕಿಲೋ ಉಪ್ಪು ಬೇಕು. ಇವೆರಡರಲ್ಲೂ ಪ್ರೋಟೀನ್ ಇಲ್ಲ. ಆ 20 ಕಿಲೋ ಪ್ರೋಟೀನ್ ಪೂರ್ತಿ ಉಳಿದ 97 ಕಿಲೋದಿಂದಲೇ ಬರಬೇಕು. ಬಹಳ ಜನ ಇದನ್ನು ಮರೆತು ಚೌಕದ ನಡುವೆ 20 ಬರೆಯುತ್ತಾರೆ, ದಾಣಿಯಲ್ಲಿ ಪ್ರೋಟೀನ್ ಸ್ವಲ್ಪ ಕಡಿಮೆ ಬೀಳುತ್ತದೆ. 97ರಲ್ಲಿ 20 ಎಂದರೆ ನೂರಕ್ಕೆ ಸುಮಾರು 20.6, ಹಾಗಾಗಿ ನಡುವೆ 21 ಬರೆಯಿರಿ.

ಈಗ ಚೌಕ ಹಾಕಿ. ಎಡಗಡೆ ಮೇಲಿನ ಮೂಲೆಯಲ್ಲಿ ಹಿಂಡಿಯ 42, ಕೆಳಗಿನ ಮೂಲೆಯಲ್ಲಿ ಜೋಳ-ಬೂಸಾದ 12, ನಡುವೆ 21. ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. 12 ಮತ್ತು 21ರ ಅಂತರ 9. ಅದನ್ನು ಬಲಗಡೆ ಮೇಲೆ ಬರೆಯಿರಿ. 42 ಮತ್ತು 21ರ ಅಂತರ 21. ಅದು ಬಲಗಡೆ ಕೆಳಗೆ. ಬಲಗಡೆಯದನ್ನು ನೇರವಾಗಿ ಅಡ್ಡಕ್ಕೆ ಓದಿ: ಹಿಂಡಿ 9 ಪಾಲು, ಜೋಳ-ಬೂಸಾ 21 ಪಾಲು, ಒಟ್ಟು 30. ಅಂದರೆ ನೂರಕ್ಕೆ 30 ಹಿಂಡಿ, 70 ಉಳಿದದ್ದು. 97 ಕಿಲೋಗೆ ಲೆಕ್ಕ ಹಾಕಿದರೆ ಹಿಂಡಿ 29 ಕಿಲೋ, ಜೋಳ 34, ಬೂಸಾ 34.

ಕೂಡಿ ನೋಡದೆ ಕಲೆಸಬೇಡಿ. ಹಿಂಡಿಯಿಂದ ಸುಮಾರು 12.2 ಕಿಲೋ ಪ್ರೋಟೀನ್, ಜೋಳದಿಂದ 3.1, ಬೂಸಾದಿಂದ 5.1, ಒಟ್ಟು 20ಕ್ಕಿಂತ ತುಸು ಮೇಲೆ. ಸರಿಹೋಯಿತು.

ಎಡವುವುದು ಹಿಂಡಿಯ ವಿಷಯದಲ್ಲಿ. "ಹಿಂಡಿ ಹಾಕಿದ್ದೇನೆ" ಎಂದರೆ ಏನೂ ಹೇಳಿದಂತಾಗುವುದಿಲ್ಲ. ಸಿಪ್ಪೆ ಬೆರೆತ ಹಿಂಡಿಯಲ್ಲಿ 42ರ ಬದಲು 30 ಇದ್ದರೆ, ಅದೇ ತೂಕಕ್ಕೆ ದಾಣಿಯ ಪ್ರೋಟೀನ್ 17ಕ್ಕೆ ಇಳಿಯುತ್ತದೆ. 30 ಇಟ್ಟು ಚೌಕ ಹಾಕಿ ನೋಡಿ: ಎರಡು ಕಡೆಯೂ 9, ಅಂದರೆ ಹಿಂಡಿ ಅರ್ಧ, ಉಳಿದದ್ದು ಅರ್ಧ! ಸಿಪ್ಪೆ ತೆಗೆಯದ ಹತ್ತಿಕಾಳು ಹಿಂಡಿ 22ರ ಆಸುಪಾಸು ಇದ್ದರೆ ಹತ್ತರಲ್ಲಿ ಒಂಬತ್ತು ಪಾಲು ಹಿಂಡಿಯೇ ಬೇಕೆಂದು ಚೌಕ ತೋರಿಸುತ್ತದೆ; ಅದನ್ನೇ ನೆಚ್ಚಿ ದಾಣಿ ಮಾಡಬೇಡಿ ಎಂದರ್ಥ. ಚೀಲದ ಮೇಲಿನ ಪ್ರೋಟೀನ್ ಅಂಕಿ ಓದಿ, ಇಲ್ಲದಿದ್ದರೆ ಮಾರುವವರನ್ನು ಕೇಳಿ. ನಡುವಿನ ಅಂಕಿ ಎಡಗಡೆಯ ಎರಡು ಅಂಕಿಗಳ ಮಧ್ಯೆ ಬರದಿದ್ದರೆ ಈ ಲೆಕ್ಕವೇ ನಡೆಯುವುದಿಲ್ಲ.

ಹಿಂಡಿ ಒಡೆದಾಗ ಒಳಗೆ ಹಸಿರು ಅಥವಾ ಕಪ್ಪು ಬೂಷ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ ಇಡೀ ಚೀಲ ಬಿಡಿ. ಶೇಂಗಾ ಹಿಂಡಿಯ ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ. ಬಿಸಿಲಿಗೆ ಒಣಗಿಸಿದರೆ ಹೋಗುವಂಥದ್ದಲ್ಲ. ಆ ಹಾಲನ್ನು ಮಕ್ಕಳೂ ಕುಡಿಯುತ್ತಾರೆ, ನೆನಪಿರಲಿ.

ಜೋಳವನ್ನು ನುಚ್ಚಾಗಿ ಒಡೆಸಿ, ಹಿಟ್ಟು ಮಾಡಿಸಬೇಡಿ. ನುಣ್ಣನೆಯ ಹಿಟ್ಟು ಹೊಟ್ಟೆಯಲ್ಲಿ ಬೇಗ ಹುಳಿಯುತ್ತದೆ, ಸಗಣಿ ನೀರಾಗುತ್ತದೆ, ಮೆಲುಕು ಕಡಿಮೆಯಾಗುತ್ತದೆ. ಸಗಣಿಯಲ್ಲಿ ಇಡೀ ಕಾಳು ಕಂಡರೆ ಒಡೆದದ್ದು ಸಾಲದು. ಉಪ್ಪು, ಖನಿಜ ಮಿಶ್ರಣ ಎರಡನ್ನೂ ಮೊದಲು ನಾಲ್ಕೈದು ಕಿಲೋ ಬೂಸಾದಲ್ಲಿ ಕೈಯಿಂದ ಕಲೆಸಿ. ಆಮೇಲೆ ಒಣನೆಲದ ಮೇಲೆ ಒಂದರ ಮೇಲೊಂದು ಪದರ ಹರಡಿ, ಸಲಿಕೆಯಿಂದ ಈ ಕಡೆಯಿಂದ ಆ ಕಡೆಗೆ ನಾಲ್ಕೈದು ಸಲ ಮಗುಚಿ. ಮೂರು ಕಡೆಯಿಂದ ಹಿಡಿ ಹಿಡಿ ತೆಗೆದು ಪಕ್ಕಪಕ್ಕ ಇಟ್ಟರೆ ಬಣ್ಣ ಒಂದೇ ಇರಬೇಕು.

ಚೌಕ ಪ್ರೋಟೀನನ್ನು ಮಾತ್ರ ಸರಿದೂಗಿಸುತ್ತದೆ. ಮೇವು ಎಷ್ಟು, ದಾಣಿ ಎಷ್ಟು ಎಂಬುದನ್ನು ಹಾಲು ನೋಡಿ ಬೇರೆಯಾಗಿ ತೀರ್ಮಾನಿಸಬೇಕು. ಹಸುವಿನ ಮೈ ಕಾಪಾಡಲು ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ದಾಣಿ, ಅದರ ಮೇಲೆ ಲೀಟರ್ ಹಾಲಿಗೆ ಸುಮಾರು 400 ಗ್ರಾಂ. ಎಮ್ಮೆಗೆ ಲೀಟರಿಗೆ ಅರ್ಧ ಕಿಲೋ. ಹಳೆಯ ದಾಣಿಯಿಂದ ಹೊಸದಕ್ಕೆ ಒಂದೇ ದಿನ ಬದಲಿಸದೆ, ವಾರ ಹತ್ತು ದಿನ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಹೋಗಿ. ಹೊಸ ಹಿಂಡಿ ಚೀಲ ಬಿಚ್ಚಿದ ದಿನ ಅದರ ಅಂಕಿ ಬೇರೆಯಿದ್ದರೆ ಚೌಕವನ್ನು ಮತ್ತೆ ಹಾಕಿ.