ಸಹಿ ಆದ ಮೇಲಿನ ಮೂರು ನಿಮಿಷ: ತೊಟ್ಟಿಮನೆಯಲ್ಲಿ ಒಂದು ಟೆಲಿಚಿತ್ರ

ಅರ್ಧ ಗಂಟೆಯ ಸ್ಲಾಟಿನಲ್ಲಿ ನಮಗೆ ಸಿಕ್ಕಿದ್ದು 24 ನಿಮಿಷ. ಶುರುವಿನ ಟೈಟಲ್‌ಗೆ 30 ಸೆಕೆಂಡು, ಕೊನೆಯ ಹೆಸರುಗಳಿಗೆ 50 ಸೆಕೆಂಡು ತೆಗೆದರೆ ಕಥೆಗೆ ಉಳಿದದ್ದು 22 ನಿಮಿಷ 40 ಸೆಕೆಂಡು. ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿಮನೆ, ಒಂದು ಅಡಿಕೆ ತೋಟ, ನಾಲ್ಕೇ ಪಾತ್ರ. ಅಪ್ಪಯ್ಯ, ಮನೆಯಲ್ಲೇ ಉಳಿದ ಹಿರಿಮಗ, ಅವನ ಹೆಂಡತಿ, ಪಾಲಿನ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಬೆಂಗಳೂರಿನಿಂದ ಬರುವ ಕಿರಿಮಗ. ಇಡೀ ಚಿತ್ರಕ್ಕೆ ಪ್ರಶ್ನೆ ಒಂದೇ: ಅಪ್ಪಯ್ಯ ಸಹಿ ಹಾಕುತ್ತಾರೋ ಇಲ್ಲವೋ.

ಇದೇ ಸರಕು ಧಾರಾವಾಹಿಯವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಮೊದಲು ಬರೆದು ನೋಡಿದೆವು. ಅಲ್ಲಿ ಕಂತು ನಿಲ್ಲುವುದು ಪೆನ್ನು ಕಾಗದಕ್ಕೆ ತಾಗುವ ಮುಂಚೆ. ಮರುದಿನ ಪೆನ್ನು ಕೆಳಗಿಡಿಸಲು ಯಾರೋ ಬರುತ್ತಾರೆ. ನೋಡುವವರು ಉತ್ತರಕ್ಕೆ ಕಾಯುತ್ತಾರೆ ಎಂಬ ನಂಬಿಕೆಯ ಮೇಲೇ ಧಾರಾವಾಹಿ ನಿಂತಿದೆ. ಒಂದೇ ಕಂತಿನ ನಾಟಕಕ್ಕೆ ನಾಳೆ ಇಲ್ಲ. ಹಾಗಾಗಿ ಸಹಿಯನ್ನು ಕೊನೆಯ ತನಕ ಎಳೆಯದೆ 19ನೇ ನಿಮಿಷಕ್ಕೇ ಹಾಕಿಸಿಬಿಟ್ಟೆವು. ಉಳಿದ ಮೂರು ನಿಮಿಷದಲ್ಲಿ ಕಾಣುವುದು ಸಹಿ ಆದ ಮೇಲೆ ಆ ಜಗಲಿ ಏನಾಯಿತು ಎಂಬುದು. ಟೆಲಿಚಿತ್ರದ ತೂಕವೆಲ್ಲ ಅಲ್ಲಿದೆ, ಉತ್ತರ ಸಿಕ್ಕಿದ ಮೇಲೆ.

ಕಥಾಮಾಲಿಕೆ ಇವೆರಡರ ನಡುವಿನದು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಉದಾಹರಣೆ. ಊರು ಒಂದೇ, ತಂಡ ಒಂದೇ, ಸಂಗೀತ ಒಂದೇ, ಕಥೆಗಳು ಮಾತ್ರ ಬೇರೆಬೇರೆ. ಅದರೊಳಗೂ ಸ್ವಾಮಿಯ ಕಥೆ ಹಲವು ಕಂತುಗಳಿಗೆ ಹರಿಯುತ್ತದೆ, ಅಂದರೆ ಮಾಲಿಕೆಯ ಹೊಟ್ಟೆಯಲ್ಲೇ ಒಂದು ಸಣ್ಣ ಧಾರಾವಾಹಿ ಇದೆ. ಮಾಲಿಕೆ ಮಾಡುವವರಿಗೆ ದೊಡ್ಡ ಅನುಕೂಲವೆಂದರೆ ಊರನ್ನು ಮತ್ತೆ ಪರಿಚಯಿಸಬೇಕಾಗಿಲ್ಲ, ಊರ ಅಗಸೆಬಾಗಿಲು ಕಂಡರೆ ಸಾಕು, ನೋಡುವವರು ಒಳಗೆ ಬಂದಾಗಿರುತ್ತದೆ. ಒಂಟಿ ಟೆಲಿಚಿತ್ರಕ್ಕೆ ಆ ಸಾಲ ಸಿಗುವುದಿಲ್ಲ. ಊರು, ಮನೆ, ಸಂಬಂಧ ಎಲ್ಲವನ್ನೂ ತಾನೇ ಕಟ್ಟಬೇಕು, ಅದೂ ಮೊದಲ ನಾಲ್ಕು ನಿಮಿಷದೊಳಗೆ.

ಎಡವುವುದು ಹೆಚ್ಚಾಗಿ ಇಲ್ಲೇ. ನಮ್ಮ ಮೊದಲ ಪ್ರತಿಯಲ್ಲಿ ಕಿರಿಮಗ ಬಂದ ಕೂಡಲೇ, “ಅಪ್ಪಯ್ಯ, ಹತ್ತು ವರ್ಷದ ಹಿಂದೆ ಅಣ್ಣನ ಹತ್ರ ಜಗಳ ಮಾಡ್ಕೊಂಡು ಹೋದವನು ಈಗ ಬಂದಿದೀನಿ” ಎನ್ನುತ್ತಿದ್ದ. ಇದು ಧಾರಾವಾಹಿಯ ಮಾತು. ನಿನ್ನೆ ನೋಡದವರಿಗೆ ಇವತ್ತು ತಿಳಿಸಲು ಅಲ್ಲಿ ಇಂಥ ಮಾತು ಬೇಕಾಗುತ್ತದೆ. ಅದನ್ನು ಕಿತ್ತು ಹಾಕಿ ಅತ್ತಿಗೆಯ ಕೈಗೆ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ಕೊಟ್ಟೆವು. ಜಗಲಿಯ ಮೇಲೆ ಕೂತ ಮೈದುನನ ಮುಂದೆ ಅದನ್ನಿಟ್ಟು ಕುಡಿಯಲು ಏನು ಬೇಕೆಂದು ಆಕೆ ಕೇಳುವುದು ಒಂದೇ ಮಾತು: “ಆಸ್ರಿಗೆ ಎಂತ ಬೇಕು?” ಮನೆಯ ಮಗನಿಗೆ ಯಾರೂ ಬೆಲ್ಲ ನೀರು ತಂದಿಡುವುದಿಲ್ಲ, ಅವನು ಸೀದಾ ಅಡುಗೆಮನೆಗೆ ಹೋಗಿ ಕುಡಿಯುತ್ತಾನೆ. ಹತ್ತು ವರ್ಷದ ದೂರವನ್ನು ಹನ್ನೆರಡು ಸೆಕೆಂಡಿನಲ್ಲಿ ಹೇಳಿ ಮುಗಿಯಿತು.

ಕೊನೆಯ ದೃಶ್ಯವನ್ನೂ ಇದೇ ಎಳೆಯಿಂದ ನೇಯ್ದೆವು. ಎರಡನೇ ನಿಮಿಷದಲ್ಲಿ ಅಪ್ಪಯ್ಯ ಅಡಕತ್ತರಿಯಿಂದ ಅಡಿಕೆ ಕತ್ತರಿಸಿ, ಪಕ್ಕದಲ್ಲಿ ಕೂತ ಹಿರಿಮಗನ ಅಂಗೈಗೆ ನೋಡದೆಯೇ ಒಂದು ಹೋಳು ಹಾಕುತ್ತಾರೆ. 21ನೇ ನಿಮಿಷದಲ್ಲಿ, ಸಹಿ ಆದ ಮೇಲೆ, ಎಲೆಯಡಿಕೆಯ ತಟ್ಟೆಯನ್ನು ಅದೇ ಅಡಕತ್ತರಿ ಸಮೇತ ಕಿರಿಮಗನ ಕಡೆಗೆ ಸರಿಸುತ್ತಾರೆ. ಹೇಳುವ ಮಾತು, “ಕವಳ ಹಾಕಿ.” ಅಲ್ಲಿಯವರೆಗೆ ‘ನೀನು’ ಆಗಿದ್ದ ಮಗ ಅಲ್ಲಿ ಬಹುವಚನವಾಗುತ್ತಾನೆ. ಇದು ತಾಗಬೇಕಾದರೆ ಎರಡನೇ ನಿಮಿಷದ ಹೋಳು ನೋಡುವವರ ಕಣ್ಣಲ್ಲಿ ಇನ್ನೂ ಇರಬೇಕು. ಹತ್ತೊಂಬತ್ತು ನಿಮಿಷ ಹಿಂದಿನದು ನೆನಪಿರುತ್ತದೆ. ಮೂರು ತಿಂಗಳ ಹಿಂದಿನ ಕಂತಿನಲ್ಲಿದ್ದರೆ ಫ್ಲ್ಯಾಶ್‌ಬ್ಯಾಕ್ ಹಾಕಿ ನೆನಪಿಸಬೇಕಾಗುತ್ತಿತ್ತು, ಹಾಕಿದ ಕ್ಷಣಕ್ಕೆ ಅದರ ಗುಟ್ಟು ಹೋಗುತ್ತಿತ್ತು.

ಮೊದಲ ಎಡಿಟ್ 31 ನಿಮಿಷ ಬಂತು. ಚಿತ್ರಕಥೆ ಓದದ ಇಬ್ಬರಿಗೆ ತೋರಿಸಿ, ಆರನೇ ನಿಮಿಷಕ್ಕೆ ನಿಲ್ಲಿಸಿ, ಯಾರಿಗೆ ಏನು ಬೇಕಾಗಿದೆ ಎಂದು ಕೇಳಿದೆವು. ಇಬ್ಬರೂ ಸರಿಯಾಗಿ ಹೇಳಿದರು. ಚಿತ್ರ ಮುಗಿದ ಮೇಲೆ ಮಾತ್ರ, “ಕಿರಿಮಗನ ಹೆಂಡತಿ ಫೋನಲ್ಲಿ ಅಳ್ತಿದ್ಲಲ್ಲ, ಅದು ಏನಾಯ್ತು?” ಎಂದರು. ತಪ್ಪು ಗೊತ್ತಾಗುವುದು ಈ ಪ್ರಶ್ನೆಯಿಂದಲೇ. ಧಾರಾವಾಹಿಯಲ್ಲಿ ಆ ಫೋನು ಬಂಡವಾಳ, ಮುಂದಿನ ಐವತ್ತು ಕಂತು ಅದರಿಂದ ಹುಟ್ಟಬಹುದು. ಇಲ್ಲಿ ಅದು ತೆರೆದು ಮುಚ್ಚದ ಬಾಗಿಲು. 2 ನಿಮಿಷ 40 ಸೆಕೆಂಡಿನ ಆ ದೃಶ್ಯ ಚೆನ್ನಾಗಿಯೇ ಬಂದಿತ್ತು, ಆದರೂ ತೆಗೆದೆವು. ವಕೀಲರ ಮನೆಯ 3 ನಿಮಿಷ ಹೋಯಿತು, ಅಲ್ಲಿ ಹೇಳಿದ್ದೆಲ್ಲ ಪತ್ರವನ್ನು ನೋಡಿದರೇ ತಿಳಿಯುತ್ತಿತ್ತು. ಉಳಿದ 1 ನಿಮಿಷ 20 ಸೆಕೆಂಡು ಸಿಕ್ಕಿದ್ದು ಬಾಗಿಲು ತೆರೆದು ಒಳಬರುವುದು, ಕೂರುವುದು, ಏಳುವುದು ಇಂಥವುಗಳಿಂದ. ಹನ್ನೊಂದು ದೃಶ್ಯ ಒಂಬತ್ತಾಯಿತು.

ಚಿತ್ರೀಕರಣ ಮೂರು ದಿನ, ಕೊನೆಗೆ ಚಿತ್ರದಲ್ಲಿ ಉಳಿದದ್ದು ದಿನಕ್ಕೆ ಏಳೆಂಟು ನಿಮಿಷ, ಒಂದೇ ಕ್ಯಾಮೆರಾ. ದಿನದ ಧಾರಾವಾಹಿಯಲ್ಲಿ ಸೆಟ್ಟು, ಲೈಟು ನಿಂತೇ ಇರುತ್ತವೆ, ಎರಡು ಮೂರು ಕ್ಯಾಮೆರಾ ಇಟ್ಟು ದಿನಕ್ಕೊಂದು ಕಂತು ಮುಗಿಸಬಹುದು. ಸ್ಟುಡಿಯೋದ ಟಿವಿ ನಾಟಕಗಳೂ ಹಾಗೆಯೇ ಹಲವು ಕ್ಯಾಮೆರಾದವು. ನಟರು ಇಡೀ ದೃಶ್ಯವನ್ನು ನಿಲ್ಲದೆ ಆಡುತ್ತಾರೆ, ಶಾಟ್ ಬದಲಾಗುವುದು ಕಂಟ್ರೋಲ್ ರೂಮಿನ ಪ್ಯಾನೆಲ್‌ನಲ್ಲಿ. ರಂಗಭೂಮಿಯಿಂದ ಬಂದವರಿಗೆ ಅದು ಸಲೀಸು. ನಮ್ಮ ನಟರೂ ರಂಗದವರೇ, ಹಿಂದಿನ ಸಾಲಿಗೆ ಮುಟ್ಟಿಸುವ ದನಿ. ಮೆಲ್ಲಗೆ ಹೇಳಿ ಎಂದರೆ ದನಿ ತಗ್ಗುತ್ತಿತ್ತು, ಅದರ ಜತೆಗೆ ಭಾವವೂ ಬತ್ತುತ್ತಿತ್ತು. ಎದುರಿನ ನಟರನ್ನು ಎರಡು ಅಡಿ ಹತ್ತಿರ ಕೂರಿಸಿದಾಗ ದನಿ ತಾನಾಗಿ ಇಳಿಯಿತು.

ಮಲೆನಾಡಿನಲ್ಲಿ ಕೆಲಸ ಕೆಡಿಸುವುದು ಬೆಳಕಿಗಿಂತ ಹೆಚ್ಚಾಗಿ ಶಬ್ದ. ಮಳೆಗಾಲದಲ್ಲಿ ಹಂಚಿನ ಮಾಡಿನ ಕೆಳಗೆ ಮಾತು ಹಿಡಿಯಲು ಆಗುವುದೇ ಇಲ್ಲ, ಅದಕ್ಕೇ ಕೊಯ್ಲಿನ ಕಾಲ ಆರಿಸಿಕೊಂಡೆವು. ಅಂಗಳದಲ್ಲಿ ಹರವಿದ ಅಡಿಕೆ ದಿನದಿನಕ್ಕೆ ಬಣ್ಣ ಬದಲಿಸುತ್ತದೆ. ಹಾಗಾಗಿ ಅಂಗಳ ಕಾಣುವ ಶಾಟ್‌ಗಳನ್ನೆಲ್ಲ ಒಂದೇ ದಿನ ಮುಗಿಸಬೇಕು. ದೊಡ್ಡ ತಲೆನೋವು ಜೀರುಂಡೆ. ಮುಸ್ಸಂಜೆಗೆ ಒಮ್ಮೆಲೇ ಶುರುವಾಗುತ್ತದೆ. ಕವಳದ ದೃಶ್ಯವನ್ನು ಆ ಹೊತ್ತಿಗೇ ಇಟ್ಟುಕೊಂಡಿದ್ದರಿಂದ ಅಪ್ಪಯ್ಯನ ಶಾಟ್‌ನಲ್ಲಿ ಜೀರುಂಡೆ ಇದೆ, ಅದಕ್ಕೆ ಮೊದಲೇ ತೆಗೆದ ಮಗನ ಶಾಟ್‌ನಲ್ಲಿ ಇಲ್ಲ. ಎರಡನ್ನೂ ಜೋಡಿಸಿದರೆ ಪ್ರತಿ ಕಟ್ಟಿಗೂ ಶಬ್ದ ಹತ್ತಿ ಆರುತ್ತದೆ. ಅದನ್ನು ಅಳಿಸಲು ಹೋದರೆ ಮಾತಿನ ಸ, ಶಗಳೂ ಸವೆಯುತ್ತವೆ, ಎರಡೂ ಇರುವುದು ಹೆಚ್ಚುಕಡಿಮೆ ಒಂದೇ ಎತ್ತರದ ಸ್ಥಾಯಿಯಲ್ಲಿ. ಅದಕ್ಕೆ ಅಳಿಸುವ ಬದಲು ತುಂಬಿಸಿದೆವು. ಪ್ಯಾಕಪ್‌ಗೆ ಮುಂಚೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಅದೇ ಜಗಲಿಯಲ್ಲಿ ಎರಡು ನಿಮಿಷ ಬರೀ ಜೀರುಂಡೆಯನ್ನು ರೆಕಾರ್ಡ್ ಮಾಡಿಕೊಂಡು, ಇಡೀ ದೃಶ್ಯದ ಅಡಿಗೆ ಹಾಸಿದೆವು. ಕೊನೆಯ 50 ಸೆಕೆಂಡು ಹೆಸರುಗಳು ಹೋಗುವಾಗಲೂ ಸಂಗೀತವಿಲ್ಲ, ಅದೇ ಶಬ್ದ. ಅದರ ನಡುವೆ ಒಂದೇ ಒಂದು ಸಲ ಅಡಕತ್ತರಿ ಕಟ್ಟೆಂದು ಮುಚ್ಚುವುದು ಕೇಳುತ್ತದೆ.