ಮೆಲ್ಬರ್ನ್‌ನಿಂದ ಬಂದ ದಿಕ್ಸೂಚಿ, ನಮ್ಮೂರಿನ ದಬ್ಬಳ

ಮೆಲ್ಬರ್ನ್‌ನಲ್ಲಿರುವ ನನ್ನ ತಮ್ಮ ಕಳೆದ ಸಲ ರಜೆಗೆ ಬಂದಾಗ ತಾನು ಬಳಸುತ್ತಿದ್ದ ದಿಕ್ಸೂಚಿಯನ್ನು ನನಗೆ ಕೊಟ್ಟ. ಅಲ್ಲಿ ಕಾಡು ಸುತ್ತುವಾಗ ಅವನ ಜೇಬಿನಲ್ಲಿ ಇರುತ್ತಿದ್ದದ್ದು. ಎಣ್ಣೆ ತುಂಬಿದ ಡಬ್ಬಿ, ಕೆಂಪು ತುದಿಯ ಮುಳ್ಳು, ಅಡಿಯಲ್ಲಿ ಪಾರದರ್ಶಕ ಪಟ್ಟಿ. ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ವರ್ಷಕ್ಕೊಮ್ಮೆ ಮಕ್ಕಳಿಗೆ ನಕ್ಷೆ ಓದುವುದನ್ನೂ ಕಲಿಸುತ್ತೇನೆ. ಹಾಗಾಗಿ ಮರುದಿನವೇ ಅದನ್ನು ಮೈದಾನಕ್ಕೆ ತೆಗೆದುಕೊಂಡು ಹೋದೆ.

ನಕ್ಷೆಯಿಂದ ದೂರದ ನೀರಿನ ಟ್ಯಾಂಕಿನ ದಿಕ್ಕು ತೆಗೆದು, ದಿಕ್ಸೂಚಿ ಹಿಡಿದು ನೋಡಿದೆವು. ಅದು ತೋರಿಸಿದ ಕಡೆ ಟ್ಯಾಂಕು ಇರಲಿಲ್ಲ. ಟ್ಯಾಂಕು ಎಷ್ಟೋ ಬಲಕ್ಕಿತ್ತು. ಜೊತೆಗೆ ಇನ್ನೊಂದು ತೊಂದರೆ. ಮುಳ್ಳು ಸಲೀಸಾಗಿ ತಿರುಗುತ್ತಿರಲಿಲ್ಲ. ಬಲದಿಂದ ಬಂದು ನಿಂತರೆ ಒಂದು ಅಂಕಿ, ಎಡದಿಂದ ಬಂದು ನಿಂತರೆ ಐದಾರು ಡಿಗ್ರಿ ಬೇರೆ ಅಂಕಿ. ಮುಳ್ಳು ಎಲ್ಲೋ ಉಜ್ಜುತ್ತಿದೆ ಅನ್ನುವುದಕ್ಕೆ ಇದೇ ಗುರುತು. ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿದೆ. ಕೆಂಪು ತುದಿ ಕೆಳಗೆ ಬಾಗಿ ಡಬ್ಬಿಯ ತಳಕ್ಕೆ ತಾಗುತ್ತಿತ್ತು.

ಮೊದಲ ತಪ್ಪು ಬೇಗ ಸಿಕ್ಕಿತು. ದಿಕ್ಸೂಚಿಯ ಹಿಂದೆ ಒಂದು ಪುಟ್ಟ ತಿರುಪು ಇತ್ತು. ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸವನ್ನು, ಅಂದರೆ ದಿಕ್ಪಾತವನ್ನು, ಸರಿದೂಗಿಸುವ ತಿರುಪು ಅದು. ಮೆಲ್ಬರ್ನ್‌ನಲ್ಲಿ ಮುಳ್ಳು ನಿಜ ಉತ್ತರಕ್ಕಿಂತ ಸುಮಾರು 12 ಡಿಗ್ರಿ ಪೂರ್ವಕ್ಕೆ ವಾಲಿ ನಿಲ್ಲುತ್ತದೆ. ತಮ್ಮ ತಿರುಪನ್ನು ಅಷ್ಟಕ್ಕೇ ಇಟ್ಟಿದ್ದ. ನಮ್ಮೂರಿನ ದಿಕ್ಪಾತ ಎಷ್ಟು ಎಂದು ನಾನೇ ಅಳೆಯಬೇಕಿತ್ತು.

ಅದಕ್ಕೆ ಹಳೆಯ ನೆರಳಿನ ವಿಧಾನ ಸಾಕು. ಮಟ್ಟವಾದ ನೆಲದಲ್ಲಿ ತೂಗುಗುಂಡು ಹಿಡಿದು ಒಂದು ಕೋಲನ್ನು ನೇರವಾಗಿ ನೆಟ್ಟೆ. ಕೋಲಿನ ಬುಡವನ್ನೇ ಮಧ್ಯ ಮಾಡಿ ಒಂದು ವೃತ್ತ ಎಳೆದೆ. ಬೆಳಿಗ್ಗೆ ನೆರಳು ಚಿಕ್ಕದಾಗುತ್ತಾ ಅದರ ತುದಿ ವೃತ್ತವನ್ನು ಮುಟ್ಟಿದಾಗ ಒಂದು ಗುರುತು, ಮಧ್ಯಾಹ್ನದ ಮೇಲೆ ಉದ್ದವಾಗುತ್ತಾ ಮತ್ತೆ ಮುಟ್ಟಿದಾಗ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ ಗೆರೆ, ಅದಕ್ಕೆ ಲಂಬವಾಗಿ ಉತ್ತರ-ದಕ್ಷಿಣ. ಡಿಸೆಂಬರ್ ಕೊನೆಯಲ್ಲಿ ಮಾಡಿದೆ. ಆ ದಿನಗಳಲ್ಲಿ ಬೆಳಿಗ್ಗೆಯಿಂದ ಸಂಜೆಯೊಳಗೆ ಸೂರ್ಯನ ದಾರಿ ಬಹಳ ಕಡಿಮೆ ಸರಿಯುತ್ತದೆ, ಗೆರೆ ನಿಖರವಾಗಿ ಬರುತ್ತದೆ.

ಆಮೇಲೆ ಒಳ್ಳೆಯ ಮುಳ್ಳಿರುವ ಇನ್ನೊಂದು ದಿಕ್ಸೂಚಿ ಇಟ್ಟು, ಅದು ತೋರಿಸಿದ ಕಡೆಗೆ ಎರಡು ಮೀಟರ್ ಉದ್ದದ ದಾರ ಎಳೆದೆ. ಜೇಬಿನ ದಿಕ್ಸೂಚಿಯಲ್ಲಿ ಒಂದು ಡಿಗ್ರಿಯನ್ನು ಕಣ್ಣಿನಿಂದ ಓದುವುದು ಕಷ್ಟ. ಆದರೆ ಎರಡು ಮೀಟರ್ ದೂರದಲ್ಲಿ ಒಂದು ಡಿಗ್ರಿ ಅಂದರೆ ಮೂರೂವರೆ ಸೆಂಟಿಮೀಟರ್. ಸ್ಕೇಲಿನಲ್ಲೇ ಅಳೆಯಬಹುದು. ನಮಗೆ ಸುಮಾರು 4 ಸೆಂ.ಮೀ. ಸಿಕ್ಕಿತು, ಪಶ್ಚಿಮದ ಕಡೆಗೆ. ಅಂದರೆ ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ.

ಈಗ ಲೆಕ್ಕ ನೋಡಿ. ಅಲ್ಲಿ ಪೂರ್ವಕ್ಕೆ 12, ಇಲ್ಲಿ ಪಶ್ಚಿಮಕ್ಕೆ 1. ತಿರುಪು ಮುಟ್ಟದೆ ಬಳಸಿದರೆ ಒಟ್ಟು 13 ಡಿಗ್ರಿ ತಪ್ಪು, ಅದೂ ಯಾವಾಗಲೂ ಎಡಕ್ಕೆ. ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ದಾರಿಯಿಂದ ಸುಮಾರು 230 ಮೀಟರ್ ಆಚೆ ಇರುತ್ತೇವೆ. ಮಳೆಗಾಲದ ಮಲೆನಾಡಿನಲ್ಲಿ ಅಷ್ಟು ಸಾಕು, ಬೇರೆಯೇ ಹಳ್ಳಕ್ಕೆ ಇಳಿದುಬಿಡುತ್ತೀರಿ. ತಿರುಪನ್ನು ಪಶ್ಚಿಮ ಒಂದಕ್ಕೆ ತಿರುಗಿಸಿದೆ. ಟ್ಯಾಂಕು ಸರಿಯಾದ ಜಾಗಕ್ಕೆ ಬಂತು.

ಆದರೆ ಮುಳ್ಳು ಬಾಗುವುದಕ್ಕೆ ತಿರುಪಿನಲ್ಲಿ ಔಷಧ ಇಲ್ಲ.

ಭೂಮಿಯ ಕಾಂತಬಲ ನೆಲಕ್ಕೆ ಸಮನಾಗಿ ಹರಿಯುವುದಿಲ್ಲ. ಉತ್ತರ ಗೋಳಾರ್ಧದಲ್ಲಿ ಅದು ಉತ್ತರದ ಕಡೆಗೆ ಹೋಗುತ್ತಾ ನೆಲದೊಳಕ್ಕೆ ಇಳಿಯುತ್ತದೆ, ದಕ್ಷಿಣದಲ್ಲಿ ನೆಲದಿಂದ ಮೇಲಕ್ಕೆ ಏಳುತ್ತದೆ. ಹೀಗೆ ಮಟ್ಟದಿಂದ ಎಷ್ಟು ಡಿಗ್ರಿ ಓರೆ ಅನ್ನುವುದೇ ನತಿ ಕೋನ, ನಾವು ಕ್ಲಾಸಿನಲ್ಲಿ ಡಿಪ್ ಅನ್ನುತ್ತೇವಲ್ಲ, ಅದು. ಮೆಲ್ಬರ್ನ್‌ನಲ್ಲಿ ನತಿ ಸುಮಾರು 68 ಡಿಗ್ರಿ. ಅಲ್ಲಿ ಮುಳ್ಳಿನ ದಕ್ಷಿಣ ತುದಿಯನ್ನು ಭೂಮಿ ಜೋರಾಗಿ ಕೆಳಗೆಳೆಯುತ್ತದೆ. ಆದರೂ ಮುಳ್ಳು ಮಟ್ಟವಾಗಿರಲಿ ಎಂದು ತಯಾರಿಸುವವರು ಉತ್ತರ ತುದಿಯನ್ನು ಸ್ವಲ್ಪ ಭಾರ ಮಾಡಿರುತ್ತಾರೆ. ಆ ಮುಳ್ಳು ಶಿವಮೊಗ್ಗಕ್ಕೆ ಬಂದರೆ ಏನಾಗುತ್ತದೆ? ಇಲ್ಲಿ ಭೂಮಿಯೂ ಉತ್ತರ ತುದಿಯನ್ನೇ ಕೆಳಗೆಳೆಯುತ್ತದೆ, ಆ ಭಾರವೂ ಅದನ್ನೇ ಎಳೆಯುತ್ತದೆ. ಎರಡೂ ಸೇರಿ ಮುಳ್ಳನ್ನು ತಳಕ್ಕೆ ಒತ್ತುತ್ತವೆ.

ಯುರೋಪಿನಿಂದ ಬಂದ ದಿಕ್ಸೂಚಿಯಲ್ಲಿ ಇದು ಉಲ್ಟಾ. ಅಲ್ಲಿ ದಕ್ಷಿಣ ತುದಿಗೆ ಭಾರ ಹಾಕಿರುತ್ತಾರೆ, ನಮ್ಮಲ್ಲಿ ಕೆಳಮುಖ ಎಳೆತ ಅಷ್ಟಿಲ್ಲ. ಹಾಗಾಗಿ ಇಲ್ಲಿ ಅದರ ದಕ್ಷಿಣ ತುದಿ ತೂಗುತ್ತದೆ. ಅದನ್ನು ನೋಡಿ ನಾವು ದಕ್ಷಿಣ ಗೋಳಾರ್ಧದಲ್ಲಿದ್ದೇವೆ ಅಂದುಕೊಂಡರೆ ತಪ್ಪು. ಅಂಗಡಿಯ ದಿಕ್ಸೂಚಿಯಿಂದ ನತಿ ತಿಳಿಯುವುದಿಲ್ಲ, ಯಾಕೆಂದರೆ ಅದನ್ನು ಮುಚ್ಚಿಡಲೆಂದೇ ಅದಕ್ಕೆ ಭಾರ ಹಾಕಿರುತ್ತಾರೆ. ಕೆಲವು ದಿಕ್ಸೂಚಿಗಳಲ್ಲಿ ಯಾವ ವಲಯಕ್ಕೆ ಮಾಡಿದ್ದು ಎಂದು ಅಕ್ಷರದಲ್ಲಿ ಬರೆದಿರುತ್ತಾರೆ. ಕೊಳ್ಳುವಾಗ ಅದನ್ನು ನೋಡಿ.

ಹಾಗಾದರೆ ನಮ್ಮೂರಿನ ನತಿ ಎಷ್ಟು? ಮಕ್ಕಳು ಕೇಳಿದರು. ಪುಸ್ತಕದ ಸೂತ್ರ `tan I = 2 tan λ`. λ ಜಾಗದಲ್ಲಿ ಶಿವಮೊಗ್ಗದ ಅಕ್ಷಾಂಶ 14 ಹಾಕಿದರೆ 26 ಡಿಗ್ರಿ ಬರುತ್ತದೆ. ಅಳೆದು ನೋಡೋಣ ಅಂದೆ.

ನತಿ ಅಳೆಯಲು ಬೇಕಾದ್ದು ಮೇಲೆ ಕೆಳಗೆ ಆಡುವ ಮುಳ್ಳು. ಗೋಣಿಚೀಲ ಹೊಲಿಯುವ ದಬ್ಬಳ ಒಂದನ್ನು ಕಾರ್ಕ್ ಬಿರಡೆಯ ಚೂರಿನಲ್ಲಿ ಅಡ್ಡ ತೂರಿಸಿದೆವು. ಅದಕ್ಕೆ ಲಂಬವಾಗಿ ಅಚ್ಚು. ಮೊದಲು ಹೊಲಿಗೆ ಸೂಜಿಯನ್ನೇ ಅಚ್ಚು ಮಾಡಿದ್ದೆ. ಅದು ಉಕ್ಕು, ದಬ್ಬಳದ ಜೊತೆ ಅದೂ ಕಾಂತವಾಯಿತು. ತೆಗೆದುಹಾಕಿ ಹಿತ್ತಾಳೆ ತಂತಿ ಹಾಕಿದೆ. ತಂತಿಯನ್ನು ಎರಡು ಗಾಜಿನ ನಡುವೆ ಉರುಳಿಸಿ ನೆಟ್ಟಗೆ ಮಾಡಿಕೊಳ್ಳಬೇಕು. ಅಚ್ಚಿನ ಎರಡು ತುದಿಗಳನ್ನು ಮರದ ಚೌಕಟ್ಟಿನಲ್ಲಿ ನಿಲ್ಲಿಸಿದ ಎರಡು ಗಾಜಿನ ಸ್ಲೈಡುಗಳ ಅಂಚಿನ ಮೇಲೆ ಇಟ್ಟೆವು. ಚೌಕಟ್ಟಿಗೆ ಮೊಳೆ ಹೊಡೆಯಲಿಲ್ಲ, ಅಂಟು ಹಾಕಿದೆವು. ಪಕ್ಕದಲ್ಲಿ ಕೋನಮಾಪಕ.

ದಬ್ಬಳವನ್ನು ಕಾಂತ ಮಾಡುವ ಮೊದಲೇ ತೂಗಿಸಬೇಕು. ಈ ಕೆಲಸಕ್ಕೆ ಪೂರ್ತಿ ಒಂದು ಮಧ್ಯಾಹ್ನ ಹೋಯಿತು. ಮಟ್ಟವಾಗಿ ಬಿಟ್ಟರೆ ಮಟ್ಟವಾಗಿ, ಓರೆಯಾಗಿ ಬಿಟ್ಟರೆ ಓರೆಯಾಗಿ ನಿಲ್ಲಬೇಕು. ಹಗುರಾದ ಕಡೆ ಮೇಣದಬತ್ತಿಯ ಮೇಣವನ್ನು ಸಾಸಿವೆಯಷ್ಟು ಅಂಟಿಸುವುದು, ನೋಡುವುದು, ಉಗುರಿನಿಂದ ಕೆರೆಯುವುದು, ಮತ್ತೆ ನೋಡುವುದು. ಲಂಡನ್ನಿನಲ್ಲಿ ದಿಕ್ಸೂಚಿ ಮಾಡುತ್ತಿದ್ದ ರಾಬರ್ಟ್ ನಾರ್ಮನ್ ಕೂಡ ಹೀಗೆಯೇ ಸಮ ತೂಗಿಸಿದ ಮುಳ್ಳುಗಳನ್ನು ಕಾಂತ ಮಾಡಿದ ಕೂಡಲೇ ಉತ್ತರ ತುದಿ ಕೆಳಗೆ ಬೀಳುವುದನ್ನು ಕಂಡ. ಅದನ್ನು ಅಳೆದು 71 ಡಿಗ್ರಿ 50 ಮಿನಿಟು ಎಂದು 1581ರಲ್ಲಿ ಅಚ್ಚು ಹಾಕಿಸಿದ.

ಆಮೇಲೆ ಪಟ್ಟಿ ಕಾಂತದ ದಕ್ಷಿಣ ಧ್ರುವದಿಂದ ದಬ್ಬಳದ ಕಣ್ಣಿನಿಂದ ಮೊನೆಯ ಕಡೆಗೆ ಒಂದೇ ದಿಕ್ಕಿನಲ್ಲಿ ಇಪ್ಪತ್ತು ಸಲ ಉಜ್ಜಿದೆವು. ಮೊನೆ ಉತ್ತರ ಧ್ರುವವಾಯಿತು. ಚೌಕಟ್ಟನ್ನು ಮುಳ್ಳು ತೋರಿಸುವ ಉತ್ತರ-ದಕ್ಷಿಣಕ್ಕೆ ಸರಿಯಾಗಿ ಇಟ್ಟು ದಬ್ಬಳ ಬಿಟ್ಟಾಗ ಮೊನೆ ನಿಧಾನವಾಗಿ ಕೆಳಗಿಳಿದು, ಒಂದೆರಡು ಸಲ ತೂಗಿ, 19 ಡಿಗ್ರಿಯಲ್ಲಿ ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಆ 19ರ ಮೇಲೆ ನಂಬಿಕೆ ಬರಲಿಲ್ಲ. ಮೇಣದ ತೂಕದಲ್ಲಿ ಒಂದು ಕೂದಲಷ್ಟು ಹೆಚ್ಚುಕಡಿಮೆಯಾದರೂ ಅದು ಈ ಅಂಕಿಯೊಳಗೆ ಸೇರಿಕೊಂಡಿರುತ್ತದೆ.

ಅದಕ್ಕೆ ಹಳಬರು ಕಂಡುಕೊಂಡ ಉಪಾಯ ಬಹಳ ಚೆನ್ನಾಗಿದೆ. ಈಗ ಕಾಂತದ ಉತ್ತರ ಧ್ರುವದಿಂದ ಅದೇ ದಿಕ್ಕಿನಲ್ಲಿ ಉಜ್ಜಿ, ದಬ್ಬಳದ ಧ್ರುವಗಳನ್ನು ಅದಲುಬದಲು ಮಾಡುವುದು. ಈಗ ಕಣ್ಣಿನ ತುದಿ ಉತ್ತರವಾಗುತ್ತದೆ, ಕೆಳಗೆ ಬಾಗುತ್ತದೆ. ಮೊನೆ ಭಾರವಿದ್ದರೆ ಮೊದಲ ಸಲ ಅದು ನತಿಯನ್ನು ಹೆಚ್ಚು ತೋರಿಸಿತ್ತು, ಈ ಸಲ ಅಷ್ಟೇ ಕಡಿಮೆ ತೋರಿಸುತ್ತದೆ. ನಮಗೆ 8 ಬಂತು. ಕೋನ ಚಿಕ್ಕದಾಗಿದ್ದರೆ ಸುಮ್ನೆ ಸರಾಸರಿ ಸಾಕು, ಹದಿಮೂರೂವರೆ. ದೊಡ್ಡ ಕೋನವಾದರೆ ಟ್ಯಾನ್ ಬೆಲೆಗಳ ಸರಾಸರಿ ತೆಗೆಯಬೇಕು. ಪ್ರತಿ ಅಳತೆಯಲ್ಲೂ ಚೌಕಟ್ಟನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಓದಿದೆವು. ಆಗ ದಬ್ಬಳದ ಮೇಲ್ಮೈ ಕೆಳಗಾಗುತ್ತದೆ, ಅಚ್ಚಿನ ಮೇಲೋ ಕೆಳಗೋ ಉಳಿದ ತೂಕದ ದೋಷವೂ ಹೋಗುತ್ತದೆ. ಎರಡು ಓದಿನ ಸರಾಸರಿಯನ್ನೇ ಮೇಲೆ 19, 8 ಎಂದು ಬರೆದಿದ್ದೇನೆ.

ಉತ್ತರದ ದಿಕ್ಕಿಗೆ ಚೌಕಟ್ಟು ಸ್ವಲ್ಪ ಓರೆಯಾದರೆ? ಹತ್ತು ಡಿಗ್ರಿ ಓರೆ ಇಟ್ಟು ನೋಡಿದೆವು, ವ್ಯತ್ಯಾಸ ಗೊತ್ತೇ ಆಗಲಿಲ್ಲ. ಅರವತ್ತು ಡಿಗ್ರಿ ತಿರುಗಿಸಿದಾಗ ಮಾತ್ರ ಕೋನ ಹೆಚ್ಚುಕಡಿಮೆ ಎರಡರಷ್ಟಾಯಿತು. ಈ ಉಪಕರಣದಲ್ಲಿ ತಲೆಕೆಡಿಸಿಕೊಳ್ಳಬೇಕಾದ್ದು ದಿಕ್ಕಿಗಲ್ಲ, ತೂಕಕ್ಕೆ. ಮತ್ತೆ ಪಕ್ಕದ ಕಬ್ಬಿಣಕ್ಕೆ. ಮೊದಲ ದಿನ ಕಬ್ಬಿಣದ ಕಾಲಿನ ಮೇಜಿನ ಮೇಲೆ ಅಳೆದದ್ದನ್ನೆಲ್ಲ ಹೊಡೆದುಹಾಕಬೇಕಾಯಿತು.

ಹದಿಮೂರೂವರೆ ಎಲ್ಲಿ, ಸೂತ್ರದ 26 ಎಲ್ಲಿ! ಸೂತ್ರಕ್ಕೆ ಹಾಕಬೇಕಾದ್ದು ಕಾಂತೀಯ ಅಕ್ಷಾಂಶವನ್ನು, ಭೂಪಟದ್ದನ್ನಲ್ಲ. ನತಿ ಸೊನ್ನೆಯಾಗುವ ಗೆರೆ ನಮ್ಮ ದೇಶದಲ್ಲಿ ಭೂಮಧ್ಯರೇಖೆಯ ಮೇಲಿಲ್ಲ, ತುಂಬಾ ಉತ್ತರಕ್ಕೆ ಸರಿದು ದಕ್ಷಿಣದ ತುದಿಯಲ್ಲಿ, ತಿರುನೆಲ್ವೇಲಿ ಸೀಮೆಯ ಆಸುಪಾಸಿನಲ್ಲಿ ಹಾದುಹೋಗುತ್ತದೆ. ನಾವು ಆ ಗೆರೆಯಿಂದ ಬರೀ ಐದಾರು ಡಿಗ್ರಿ ದೂರ. ಮುಂದಿನ ಪ್ರವಾಸದಲ್ಲಿ ಪೆಟ್ಟಿಗೆಯನ್ನು ಕನ್ಯಾಕುಮಾರಿಗೆ ಹೊತ್ತೊಯ್ದೆವು. ಧ್ರುವ ಬದಲಿಸಿ ಎರಡೂ ಸಲ ಓದಿ ಸರಾಸರಿ ತೆಗೆದಾಗ ದಬ್ಬಳ ಹೆಚ್ಚುಕಡಿಮೆ ಮಟ್ಟ. ಒಂದು ಹುಡುಗಿ ಮಟ್ಟದ ಗೆರೆಗೂ ದಬ್ಬಳಕ್ಕೂ ನಡುವೆ ಬೆರಳಿಟ್ಟು ನೋಡಿ, "ಸರ್, ಸಂದೇ ಇಲ್ಲ" ಅಂದಳು.

ತಮ್ಮನ ಮಗಳು ಈ ಕಥೆ ಕೇಳಿ ಮೆಲ್ಬರ್ನ್‌ನಲ್ಲಿ ತಾನೂ ಒಂದನ್ನು ಮಾಡಿದಳು. ವಿಡಿಯೋ ಕಾಲಿನಲ್ಲಿ ಅವಳ ಮೊದಲ ಮಾತು, "ದೊಡ್ಡಪ್ಪ, ನಂದು ಉಲ್ಟಾ! ಮೊನೆ ಮೇಲೆ ಹೋಗಿದೆ." ದಕ್ಷಿಣ ತುದಿ ಕೆಳಗಿಳಿದು ದಬ್ಬಳ ಹೆಚ್ಚುಕಡಿಮೆ ನೆಟ್ಟಗೆ ನಿಂತಿತ್ತು. ಅವಳಿಗೆ ಬಂದ ಅಂಕಿ 65, ಧ್ರುವ ಬದಲಿಸಿದ ಮೇಲೆ 71. ಟ್ಯಾನ್ ಸರಾಸರಿ ತೆಗೆದರೆ 68 ಚಿಲ್ಲರೆ. ಇಷ್ಟು ನೆಟ್ಟಗೆ ಎಳೆಯುವ ಬಲದಲ್ಲಿ ಮುಳ್ಳನ್ನು ದಿಕ್ಕಿಗೆ ತಿರುಗಿಸುವ ಅಡ್ಡ ಪಾಲು ಕಡಿಮೆ. ಒಟ್ಟು ಬಲ ಅಲ್ಲೇ ಜಾಸ್ತಿ ಇದ್ದರೂ ಆ ಅಡ್ಡ ಪಾಲು ಶಿವಮೊಗ್ಗದಲ್ಲಿ ಅಲ್ಲಿಗಿಂತ ಸುಮಾರು ಎರಡು ಪಟ್ಟು. ಹಾಗಾಗಿ ಸಮ ತೂಗಿದ ಮುಳ್ಳು ನಮ್ಮಲ್ಲಿ ಬೇಗ ದಿಕ್ಕು ಹಿಡಿಯುತ್ತದೆ.

ತಮ್ಮ ಮತ್ತೆ ಬಂದಾಗ ಅವನ ದಿಕ್ಸೂಚಿಯನ್ನು ಅವನಿಗೇ ವಾಪಸ್ ಕೊಟ್ಟೆ. ಅದಕ್ಕೂ ಮೊದಲು ಹಿಂದಿನ ತಿರುಪನ್ನು ಪೂರ್ವ 12ಕ್ಕೆ ತಿರುಗಿಸಿದೆ.