ರೊಟ್ಟಿ ದರ ಏರಿಸಿದ್ದನ್ನು ಕ್ಯಾಪ್ಶನ್‌ನಲ್ಲಿ ಹೇಳುವುದು ಹೇಗೆ?

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲಿ ಆರ್ಡರ್ ಹಿಡಿಯುವವರು ದರ ಏರಿಸುವಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಒಂದೋ ಏನೂ ಹೇಳದೆ ಬಿಲ್ಲಿನಲ್ಲಿ ಹತ್ತು ರೂಪಾಯಿ ಹೆಚ್ಚು ಬರೆಯುತ್ತಾರೆ, ಇಲ್ಲವೇ ಅರ್ಧ ಪುಟ ಕೃತಜ್ಞತೆ ಬರೆದು ಕೊನೆಯ ಸಾಲಿನಲ್ಲಿ ದರವನ್ನು ಅಡಗಿಸುತ್ತಾರೆ. ಗಿರಾಕಿಗೆ ಸಿಟ್ಟು ಬರುವುದು ಹತ್ತು ರೂಪಾಯಿಗಿಂತ ಹೆಚ್ಚಾಗಿ ಈ ಮುಚ್ಚುಮರೆಗೆ.

ಬರೆಯುವ ಮೊದಲು ಲೆಕ್ಕ ಮಾಡಿ. ಹತ್ತು ರೊಟ್ಟಿಯ ಕಟ್ಟು 80 ರೂಪಾಯಿಗೆ ಹೋಗುತ್ತಿದೆ ಎಂದುಕೊಳ್ಳೋಣ. ತೆಳ್ಳನೆಯ ರೊಟ್ಟಿ ಒಂದಕ್ಕೆ ಸುಮಾರು 50 ಗ್ರಾಂ ಹಿಟ್ಟು ಹಿಡಿದರೆ ಕಟ್ಟಿಗೆ ಅರ್ಧ ಕಿಲೊ ಬೇಕು. ಹಿಟ್ಟು ಕಿಲೊಗೆ 48ರಿಂದ 56 ರೂಪಾಯಿಗೆ ಏರಿದ್ದರೆ ಕಟ್ಟಿಗೆ 4 ರೂಪಾಯಿ ಹೆಚ್ಚಾಯಿತು. ರೊಟ್ಟಿ ಬಡಿಯುವವರ ಕೂಲಿ ಒಂದಕ್ಕೆ 2 ರೂಪಾಯಿ ಇದ್ದದ್ದು ಎರಡೂವರೆ ಆಗಿದ್ದರೆ ಇನ್ನೊಂದು 5 ರೂಪಾಯಿ. ಪ್ಯಾಕಿಂಗ್ ಕವರಿಗೆ 60 ಪೈಸೆ. ಒಟ್ಟು 9 ರೂಪಾಯಿ 60 ಪೈಸೆ. ಹಾಗಾಗಿ ಹೊಸ ದರ 90. ಚಿಲ್ಲರೆಗಾಗಿ 40 ಪೈಸೆ ಮೇಲೆ ಹೋದದ್ದು ನಿಮಗೆ ಗೊತ್ತಿರಲಿ. ಯಾರಾದರೂ ಕೇಳಿದರೆ ಅದನ್ನೂ ಹೇಳಿ. ಈ ಲೆಕ್ಕವಿಲ್ಲದೆ ಬರೆದ ಕ್ಯಾಪ್ಶನ್‌ನಲ್ಲಿ ‘ಎಲ್ಲಾ ತುಟ್ಟಿ ಆಗೈತಿ’ ಎನ್ನುವುದಕ್ಕಿಂತ ಹೆಚ್ಚಿನದು ಇರುವುದಿಲ್ಲ, ಅದನ್ನು ಯಾರೂ ನಂಬುವುದಿಲ್ಲ.

ದರ 80ರಲ್ಲೇ ಇಟ್ಟು ಕಟ್ಟಿನಲ್ಲಿ ಒಂಬತ್ತು ರೊಟ್ಟಿ ಹಾಕುವ ಅಡ್ಡದಾರಿ ಬೇಡವೇ ಬೇಡ. ನಮ್ಮ ಕಡೆ ರೊಟ್ಟಿಯನ್ನು ಎಣಿಸಿಯೇ ತಾಟಿಗೆ ಬಡಿಸುತ್ತಾರೆ, ಮೊದಲ ದಿನವೇ ಸಿಕ್ಕಿಬೀಳುತ್ತೀರಿ.

ಈಗ ಕಷ್ಟದ ಭಾಗ, ಅಂದರೆ ಮೊದಲ ಎರಡು ಸಾಲು. ಇನ್‌ಸ್ಟಾಗ್ರಾಂ ಫೀಡಿನಲ್ಲಿ ಉದ್ದನೆಯ ಕ್ಯಾಪ್ಶನ್‌ನ ಆರಂಭವಷ್ಟೇ ಕಾಣುತ್ತದೆ, ಉಳಿದದ್ದು more ಒತ್ತಿದವರಿಗೆ ಮಾತ್ರ. ರೀಲ್ಸ್‌ನಲ್ಲಿ ಕಾಣುವುದು ಇನ್ನೂ ಕಡಿಮೆ. ‘ನಮ್ಮ ಪ್ರೀತಿಯ ಗ್ರಾಹಕ ಬಂಧುಗಳೇ, ಇಷ್ಟು ವರ್ಷ ನೀವು ತೋರಿದ ವಿಶ್ವಾಸಕ್ಕೆ’ ಎಂದು ಶುರು ಮಾಡಿದರೆ ಕಾಣುವ ಜಾಗವೆಲ್ಲ ಅದಕ್ಕೇ ಮುಗಿಯುತ್ತದೆ. ದರ ಓದದೆ ಮುಂದೆ ಹೋದ ಗಿರಾಕಿ ಹದಿನೈದು ದಿನ ಬಿಟ್ಟು ರೊಟ್ಟಿ ಒಯ್ಯಲು ಬಂದಾಗ ‘ನನಗ್ ಹೇಳೇ ಇಲ್ಲಲ್ರೀ’ ಎನ್ನುತ್ತಾರೆ. ನೀವು ಹೇಳಿದ್ದಿರಿ, ಆದರೆ ಅವರಿಗೆ ಕಾಣುವ ಜಾಗದಲ್ಲಿ ಹೇಳಿರಲಿಲ್ಲ.

ಹಾಗಾಗಿ ಮೊದಲ ಸಾಲಿನಲ್ಲಿ ಪದಾರ್ಥ, ಹಳೆಯ ದರ, ಹೊಸ ದರ, ದಿನಾಂಕ ಈ ನಾಲ್ಕೂ ಇರಬೇಕು. ಹಳೆಯ ದರ ಬಿಟ್ಟರೆ ಮುಚ್ಚಿಟ್ಟಂತೆ ಕಾಣುತ್ತದೆ. ‘ದರ ಪರಿಷ್ಕರಣೆ’, ‘ಸ್ವಲ್ಪ ಬದಲಾವಣೆ’ ಎಂಬ ಮಾತುಗಳನ್ನು ಕೈಬಿಡಿ. ಏರಿಸಿದ್ದರೆ ‘ಏರಿಸಿದ್ದೇವೆ’ ಅನ್ನಿ. ಎಷ್ಟು ಎನ್ನುವುದನ್ನು ಅಂಕಿಯೇ ಹೇಳುವುದರಿಂದ ‘ಸ್ವಲ್ಪ’ ಎಂಬ ಮಾತಿಗೆ ಅಲ್ಲಿ ಕೆಲಸವಿಲ್ಲ. ಮೇಲಿನ ಲೆಕ್ಕಕ್ಕೆ ಕ್ಯಾಪ್ಶನ್ ಹೀಗೆ ಬರೆಯಬಹುದು:

‘ಖಡಕ್ ರೊಟ್ಟಿ, ಹತ್ತರ ಕಟ್ಟು: ಈಗ 80 ರೂ., ಫೆಬ್ರುವರಿ 1ರಿಂದ 90 ರೂ.
ಒಂದು ಕಟ್ಟಿನ ಜೋಳದ ಹಿಟ್ಟಿಗೆ 4 ರೂ., ರೊಟ್ಟಿ ಬಡಿಯೋ ಅಕ್ಕಂದಿರ ಕೂಲಿಗೆ 5 ರೂ. ಹೆಚ್ಚಾಗೈತ್ರಿ. ಉಳಿದದ್ದು ಪ್ಯಾಕಿಂಗಿಗೆ ಮತ್ತ ಚಿಲ್ಲರಿಗೆ.
ರೊಟ್ಟಿ ಅಳತಿ, ಎಣಿಕಿ ಮೊದಲಿನಂಗ ಇರತೈತಿ. ಜನವರಿ 31ರ ತನಕ ಹೇಳಿದ ಆರ್ಡರ್ ಹಳೇ ದರಕ್ಕೇ ಕೊಡ್ತೀವ್ರಿ.
ಹಿಂಗಾರಿ ಜೋಳ ಬಂದ ಮ್ಯಾಲೆ, ಏಪ್ರಿಲ್ 1ಕ್ಕ ಹಿಟ್ಟಿನ ದರ ನೋಡಿ ಇಲ್ಲೇ ತಿಳಸ್ತೀವಿ.’

ಕಾರಣ ಎರಡು ಸಾಕು, ಆದರೆ ಯಾವುದು ಇಳಿಯಬಹುದು, ಯಾವುದು ಇಳಿಯುವುದಿಲ್ಲ ಎನ್ನುವುದನ್ನು ಬೇರೆ ಬೇರೆ ಇಡಿ. ಇಲ್ಲಿ ಬಹಳ ಜನ ಎಡವುತ್ತಾರೆ. ಪೂರ್ತಿ ಹತ್ತು ರೂಪಾಯಿಯನ್ನೂ ಜೋಳದ ತಲೆಗೆ ಕಟ್ಟಿದರೆ ಕೇಳುವವರಿಗೆ ಸಲೀಸಾಗಿ ಅರ್ಥವಾಗುತ್ತದೆ, ಖರೆ. ಆದರೆ ಹಿಂಗಾರಿ ಜೋಳದ ಒಕ್ಕಲಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ ನಡೆಯುತ್ತದೆ. ಹೊಸ ಮಾಲು ಬಂದು ದರ ಇಳಿದ ದಿನ ಗಿರಾಕಿಯೇ ‘ಈಗ ಇಳಿಸ್ರಿ ಮತ್ತ’ ಎನ್ನುತ್ತಾರೆ. ಕೂಲಿಯ 5 ರೂಪಾಯಿ ಇಳಿಯುವಂಥದ್ದಲ್ಲ. ಅದನ್ನು ಮೊದಲೇ ಬಿಡಿಸಿ ಹೇಳಿದ್ದರೆ ಆಗ ಮಾತು 4 ರೂಪಾಯಿಗಷ್ಟೇ ನಿಲ್ಲುತ್ತದೆ. ‘ಜೋಳ ಇಳಿದರೆ ದರ ಇಳಿಸುತ್ತೇವೆ’ ಎಂಬ ಮಾತು ಕೊಡುವುದಕ್ಕಿಂತ, ಯಾವ ದಿನ ನೋಡುತ್ತೀರಿ ಎಂದು ಹೇಳುವುದು ಒಳ್ಳೆಯದು. ಆ ದಿನ ದರ ಇಳಿಯದಿದ್ದರೂ ಪೋಸ್ಟ್ ಮಾತ್ರ ಬರಲೇಬೇಕು.

ಕ್ಷಮೆ ಕೇಳಬೇಡಿ. ಕೈಮುಗಿದ ಚಿಹ್ನೆಗಳ ಸಾಲು, ಅಳುವ ಮುಖ, ಬೇಸರದ ಹಾಡು ಇವೆಲ್ಲ ನೀವೇ ತಪ್ಪು ಮಾಡಿದಂತೆ ತೋರಿಸುತ್ತವೆ. ಕೂಲಿ ಹೆಚ್ಚು ಕೊಟ್ಟದ್ದು ತಪ್ಪಲ್ಲ.

ಅವಧಿಯ ವಿಷಯಕ್ಕೆ ಹತ್ತು ದಿನ ಸಾಕು. ಒಂದೇ ದಿನ ಮೊದಲು ಹೇಳಿದರೆ ಜಬರದಸ್ತಿಯಂತಾಗುತ್ತದೆ, ತಿಂಗಳ ಮೊದಲು ಹೇಳಿದರೆ ಮರೆತುಹೋಗುತ್ತದೆ. ಹತ್ತು ದಿನದಲ್ಲಿ ಹಳೆಯ ದರಕ್ಕೆ ಹೆಚ್ಚು ಒಯ್ಯಲು ಬರುವವರು ಇರುತ್ತಾರೆ, ಅದಕ್ಕೆ ಮನೆಗೆ ಐದು ಕಟ್ಟು ಎಂದು ಮಿತಿ ಹಾಕಿ ಕ್ಯಾಪ್ಶನ್‌ನಲ್ಲೇ ಸೇರಿಸಿ. ಮುಂಗಡ ಕೊಟ್ಟವರ ಮದುವೆ, ಸೀಮಂತದ ಆರ್ಡರ್ ಫೆಬ್ರುವರಿಯಲ್ಲೇ ಇದ್ದರೂ ಹಳೆಯ ದರವೇ.

ಪೊಟ್ಟಣದ ಮೇಲೆ ಎಂಆರ್‌ಪಿ ಮುದ್ರಿಸಿ ಅಂಗಡಿಗೂ ಕೊಡುವವರು ಇನ್ನೊಂದು ಗಮನಿಸಬೇಕು. 2011ರ ಪೊಟ್ಟಣ ಸಾಮಗ್ರಿ ನಿಯಮದ ಪ್ರಕಾರ ಮುದ್ರಿತ ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವಂತಿಲ್ಲ, ಹೆಚ್ಚಿನ ದರದ ಚೀಟಿ ಅಂಟಿಸುವಂತೆಯೂ ಇಲ್ಲ. ದರ ಇಳಿಸುವ ಚೀಟಿ ಅಂಟಿಸಬಹುದು, ಅದೂ ಮೂಲ ಎಂಆರ್‌ಪಿ ಮುಚ್ಚದಂತೆ. ಆದ್ದರಿಂದ 80 ರೂಪಾಯಿ ಮುದ್ರಿಸಿ ಪ್ಯಾಕ್ ಮಾಡಿದ ಮಾಲು ಫೆಬ್ರುವರಿ 5ರವರೆಗೆ ಉಳಿದರೂ 80ಕ್ಕೇ ಹೋಗಬೇಕು. ಇದನ್ನೂ ಕ್ಯಾಪ್ಶನ್‌ನಲ್ಲಿ ಒಂದು ಸಾಲು ಬರೆದರೆ ಅಂಗಡಿಯಲ್ಲಿ ಎರಡು ದರ ಕಂಡವರು ಗೊಂದಲಕ್ಕೆ ಬೀಳುವುದಿಲ್ಲ.

ಚಿತ್ರಕ್ಕೆ ರೊಟ್ಟಿಯ ಫೋಟೊ ಸಾಕು. ಸಿದ್ಧ ಪೋಸ್ಟರಿನ ಕೆಲವು ಆ್ಯಪ್‌ಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ‘ರೊಟ್ಟಿ’ಯ ಟಕ್ಕೆ ಒತ್ತು ಕೂಡುವುದೇ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್ ಹಾಕಿದ ಮೇಲೆ ಕ್ಯಾಪ್ಶನ್ ತಿದ್ದಬಹುದು, ಅದೇ ಪೋಸ್ಟಿನ ಫೋಟೊ ಬದಲಿಸಲಾಗದು. ದರವನ್ನು ಚಿತ್ರದೊಳಗೆ ಬರೆದರೆ ಅದು ಅಲ್ಲೇ ಉಳಿಯುತ್ತದೆ. ಹಳೆಯ ದರ ಇರುವ ಹಿಂದಿನ ಪೋಸ್ಟ್‌ಗಳ ಕ್ಯಾಪ್ಶನ್‌ಗಳನ್ನು ಫೆಬ್ರುವರಿ 1ರ ಬೆಳಿಗ್ಗೆಯೇ Edit ಒತ್ತಿ ತಿದ್ದಿ. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಮಾಯವಾಗುವುದರಿಂದ ಇದೇ ಮಾತನ್ನು ಮೊದಲ ದಿನ, ಐದನೇ ದಿನ, ಕೊನೆಯ ದಿನ ಮೂರು ಸಲ ಹಾಕಿ.

ಕಮೆಂಟಿನಲ್ಲಿ ‘ಏನ್ರೀ ಅಕ್ಕಾರ, ಒಮ್ಮಿಗೇ ಹತ್ತು ರೂಪಾಯಿ?’ ಎಂದು ಬಂದೇ ಬರುತ್ತದೆ. ಅಳಿಸಬೇಡಿ, ‘ಮೆಸೇಜ್ ಮಾಡ್ರಿ’ ಎಂದು ಒಳಗೂ ಕರೆಯಬೇಡಿ. ‘ಹೌದ್ರಿ, ಹತ್ತು. ಹಿಟ್ಟಿಗೆ ನಾಲ್ಕು, ಕೂಲಿಗೆ ಐದು, ಉಳಿದದ್ದು ಕವರಿಗೆ ಮತ್ತ ಚಿಲ್ಲರಿಗೆ. 31ರ ತನಕ ಹಳೇ ದರ ಐತ್ರಿ’ ಎಂದು ಅಲ್ಲೇ ಉತ್ತರಿಸಿ. ಬೇರೆಯವರಿಗೆ ಕಡಿಮೆ ದರಕ್ಕೆ ಕೊಡುವ ಮಾತು ಒಳಗೆ ನಡೆದರೆ ಅದು ಧಾರವಾಡದಿಂದ ಹುಬ್ಬಳ್ಳಿ ಮುಟ್ಟಲು ಒಂದು ಸ್ಕ್ರೀನ್‌ಶಾಟ್ ಸಾಕು. ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಫೆಬ್ರುವರಿಯಲ್ಲಿ 80ಕ್ಕೆ ಕೇಳುವವರಿಗೆ, ದಿನಾಂಕವಿರುವ ನಿಮ್ಮ ಮೊದಲ ಸಾಲನ್ನೇ ಕಳಿಸಿ.